ಬಂದ ಆರ್ಡರ್ ಆ್ಯಡ್‌ನಿಂದಲೋ, ಹೇಗೂ ಬರುವುದಿತ್ತೋ? ಕಾಸರಗೋಡಿನ ಒಂದು ಹಪ್ಪಳದ ಮನೆಯ ಪ್ರಕರಣ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಅಡಿಕೆ ತೋಟಗಳ ನಡುವೆ ಇರುವ ಒಂದು ಮನೆ ಉದ್ಯಮ ಇದು. ಊರಿನ ಹೆಸರು, ಮನೆಯ ಹೆಸರು ಹೇಳುವುದಿಲ್ಲ. ನಡೆಸುವವರನ್ನು ಅಕ್ಕ ಎಂದೇ ಕರೆಯುತ್ತೇನೆ, ನಿಜವಾಗಿ ಕರೆಯುವುದೂ ಹಾಗೆಯೇ. ಹಲಸಿನಕಾಯಿ ಹಪ್ಪಳ, ಮಿಡಿ ಉಪ್ಪಿನಕಾಯಿ, ಮಾಂಬಳ, ಗಾಣದ ತೆಂಗಿನೆಣ್ಣೆ, ಇವು ಅವರ ಮಾಲು. ಒಂಬತ್ತು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಕೊಳ್ಳುವವರು ಹೆಚ್ಚಿನವರೂ ಗಡಿಯಾಚೆಯವರು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ. ಆರ್ಡರ್ ವೆಬ್‌ಸೈಟಿನಲ್ಲೂ ಬರುತ್ತದೆ, ವಾಟ್ಸ್ಆ್ಯಪ್‌ನಲ್ಲೂ ಬರುತ್ತದೆ. ಕೆಲವರಂತೂ ಫೋನ್ ಮಾಡಿ "ಕಳೆದ ಸಲದ್ದೇ ಕಳಿಸಿ" ಎಂದು ಇಟ್ಟುಬಿಡುತ್ತಾರೆ.

ಅವರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ನೋಡಿಕೊಳ್ಳುವುದು ನನ್ನ ಕೆಲಸ. ತಿಂಗಳಿಗೆ ಸುಮಾರು ₹62,000 ಅದಕ್ಕೆ ಹೋಗುತ್ತಿತ್ತು. ಅದರಲ್ಲಿ ₹32,000 ಹಳೆಯ ಗಿರಾಕಿಗಳಿಗೆ ತೋರಿಸುವ ಆ್ಯಡ್‌ಗೆ, ₹30,000 ಹೊಸಬರನ್ನು ಹುಡುಕುವ ಆ್ಯಡ್‌ಗೆ. ಆ್ಯಡ್ ಖಾತೆಯಲ್ಲಿ ಲೆಕ್ಕ ತೋರಿಸುವ ಡ್ಯಾಶ್‌ಬೋರ್ಡ್ ಪ್ರಕಾರ ಹಳಬರ ಆ್ಯಡ್ ಹಾಕಿದ ದುಡ್ಡಿಗೆ ಐದು ಪಟ್ಟು ಮಾರಾಟ ತರುತ್ತಿತ್ತು. ಹೊಸಬರ ಆ್ಯಡ್‌ನಲ್ಲಿ ಒಂದು ಆರ್ಡರಿಗೆ ₹190 ಖರ್ಚು ಬೀಳುತ್ತಿತ್ತು. ಸರಾಸರಿ ಆರ್ಡರ್ ₹620. ಸಾಮಾನು, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ₹170. ಅಂದರೆ ಹೊಸ ಗಿರಾಕಿಯ ಪ್ರತಿ ಆರ್ಡರಿನಲ್ಲೂ ₹20 ನಷ್ಟ. ಹೊಸಬರದ್ದು ನಿಲ್ಲಿಸಿ ಎಲ್ಲವನ್ನೂ ಹಳಬರ ಕಡೆಗೆ ಹಾಕೋಣ ಎಂದು ನಾನೇ ಹೇಳಿದ್ದೆ. ಆ ಸಲಹೆ ಪೂರ್ತಿ ತಲೆಕೆಳಗಾಗಿತ್ತು. ಅದು ಹೇಗೆ ಗೊತ್ತಾಯಿತು ಎಂಬುದೇ ಈ ಬರಹ.

ಅಕ್ಕ ಕೇಳಿದ ಪ್ರಶ್ನೆ

ಒಂದು ಸಂಜೆ ಅಕ್ಕ ಆರ್ಡರ್ ಪುಸ್ತಕ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಅವರು ಇವತ್ತಿಗೂ ಎಲ್ಲ ಆರ್ಡರನ್ನೂ ಕೈಯಲ್ಲಿ ಒಂದು ಉದ್ದ ಪುಸ್ತಕದಲ್ಲಿ ಬರೆಯುತ್ತಾರೆ. ಹೊಸ ಗಿರಾಕಿಯಾದರೆ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ. ನಾನು ಡ್ಯಾಶ್‌ಬೋರ್ಡ್ ತೋರಿಸಿ, ಈ ವಾರ ಹಳಬರ ಆ್ಯಡ್‌ನಿಂದ ಇಷ್ಟು ಆರ್ಡರ್ ಎಂದೆ. ಅವರು ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇವರು ಮೈಸೂರಿನ ಟೀಚರು. ನಾಲ್ಕು ವರ್ಷದಿಂದ ಪ್ರತಿ ಎರಡು ತಿಂಗಳಿಗೊಮ್ಮೆ ಎಣ್ಣೆ ತರಿಸುತ್ತಾರೆ. ಇದನ್ನೂ ನಿನ್ನ ಆ್ಯಡ್ ತಂದದ್ದಾ ಮಾರಾಯ?"

ಡ್ಯಾಶ್‌ಬೋರ್ಡ್ ಪ್ರಕಾರ ಹೌದು. ಮಾಮೂಲಿಯಾಗಿ ಅಲ್ಲಿರುವ ನಿಯಮ ಹೀಗೆ: ಆ್ಯಡ್ ಒತ್ತಿ 7 ದಿನದೊಳಗೆ ಕೊಂಡರೆ, ಅಥವಾ ಸುಮ್ನೆ ನೋಡಿ 1 ದಿನದೊಳಗೆ ಕೊಂಡರೆ, ಆ ಮಾರಾಟ ಆ್ಯಡ್‌ನ ಲೆಕ್ಕಕ್ಕೆ ಸೇರುತ್ತದೆ. ಇದರಲ್ಲಿ ಸುಳ್ಳೇನಿಲ್ಲ. ಟೀಚರು ಆ್ಯಡ್ ನೋಡಿದ್ದು ನಿಜ, ಮರುದಿನ ಎಣ್ಣೆ ತರಿಸಿದ್ದೂ ನಿಜ. ಆದರೆ ಆ್ಯಡ್ ಕಾಣದಿದ್ದರೆ ಅವರು ತರಿಸುತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ಆ ನಿಯಮ ಕೇಳುವುದೇ ಇಲ್ಲ. ಹೇಗೂ ಕೊಳ್ಳಲಿದ್ದವರಿಗೇ ಹುಡುಕಿ ಹುಡುಕಿ ತೋರಿಸುವ ಆ್ಯಡ್ ಆ ಪಟ್ಟಿಯಲ್ಲಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಉತ್ತರ ಬೇಕಾದರೆ ಇರುವುದು ಒಂದೇ ದಾರಿ. ಒಂದೇ ತರಹದ ಎರಡು ಗುಂಪು ಮಾಡಬೇಕು. ಒಂದಕ್ಕೆ ತೋರಿಸಬೇಕು, ಇನ್ನೊಂದಕ್ಕೆ ತೋರಿಸಬಾರದು. ಆಮೇಲೆ ಎಣಿಸುವುದು ನಮ್ಮ ಪುಸ್ತಕದಲ್ಲಿ, ಡ್ಯಾಶ್‌ಬೋರ್ಡಿನಲ್ಲಿ ಅಲ್ಲ.

ಮೊದಲು ಮಾಡಿದ್ದು: ಎಲ್ಲವನ್ನೂ ಒಂದು ವಾರ ನಿಲ್ಲಿಸಿದ್ದು

ಆದರೆ ನಾವು ಮೊದಲು ಹಾಗೆ ಮಾಡಲಿಲ್ಲ. ಎಲ್ಲರೂ ಮಾಡುವ ಹಾಗೆ, ಒಂದು ವಾರ ಎಲ್ಲ ಆ್ಯಡ್ ನಿಲ್ಲಿಸಿ ಏನಾಗುತ್ತದೆ ನೋಡೋಣ ಎಂದೆವು. ಆರ್ಡರ್ 35 ಶೇಕಡಾ ಇಳಿಯಿತು. ಎಂಟನೇ ದಿನ ಬೆಳಿಗ್ಗೆ ಭಾವ ಫೋನ್ ಮಾಡಿ "ಈಗಲೇ ಶುರು ಮಾಡು, ಪ್ರಯೋಗ ಎಲ್ಲ ಸಾಕು" ಎಂದರು. ಶುರು ಮಾಡಿದೆ. ಎರಡು ವಾರದಲ್ಲಿ ಆರ್ಡರ್ ಮೊದಲಿಗಿಂತಲೂ ಮೇಲೆ ಹೋಯಿತು. ಆ್ಯಡ್ ಕೆಲಸ ಮಾಡುತ್ತದೆ ಎಂದು ಮನೆಯವರಿಗೆಲ್ಲ ಸಮಾಧಾನ.

ನನಗೆ ಮಾತ್ರ ಆಗಲಿಲ್ಲ. ಯಾಕೆಂದರೆ ಅದು ಮಳೆಗಾಲದ ಆಟಿ ತಿಂಗಳು. ಆ ವಾರ ಮಳೆ ಬಿಡದೆ ಸುರಿದು ಕೊರಿಯರ್ ಗಾಡಿ ಎರಡು ದಿನ ಬಂದೇ ಇರಲಿಲ್ಲ. ನಾವು ಹೋಲಿಸಿದ್ದು ಹಿಂದಿನ ವಾರದ ಜೊತೆ. ಹಿಂದಿನ ವಾರ ತಿಂಗಳ ಮೊದಲ ವಾರ, ಸಂಬಳದ ವಾರ. ಆಮೇಲೆ ಆ್ಯಡ್ ಶುರು ಮಾಡಿದಾಗ ಅಷ್ಟಮಿ, ಚೌತಿ ಹತ್ತಿರ ಬಂದಿತ್ತು. ಇಳಿದದ್ದಕ್ಕೆ ಮೂರು ಕಾರಣ, ಏರಿದ್ದಕ್ಕೆ ಎರಡು. ಅವುಗಳಲ್ಲಿ ಆ್ಯಡ್‌ನ ಪಾಲೆಷ್ಟು ಎಂದು ಬೇರ್ಪಡಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಹಿಂದಿನ ಆರು ತಿಂಗಳ ಪುಸ್ತಕ ತೆಗೆದು ವಾರವಾರದ ಲೆಕ್ಕ ಹಾಕಿದೆ. ಆ್ಯಡ್ ಖರ್ಚು ಬದಲಾಗದ ವಾರಗಳಲ್ಲೂ ಆರ್ಡರ್ ಕಾಲು ಭಾಗದಷ್ಟು ಏರಿಳಿದದ್ದು ಕಂಡಿತು. ತಾನಾಗಿಯೇ ಅಷ್ಟು ಕುಣಿಯುವ ಸಂಖ್ಯೆಯಲ್ಲಿ ಒಂದು ವಾರದ ಇಳಿಕೆಯಿಂದ ಏನನ್ನೂ ಹೇಳಲಾಗದು. ನಿಲ್ಲಿಸಿ ನೋಡುವುದು ತಪ್ಪಲ್ಲ. ಆದರೆ ಅದೇ ಹೊತ್ತಿಗೆ, ಅದೇ ಮಳೆ, ಅದೇ ಹಬ್ಬದಲ್ಲಿ ಆ್ಯಡ್ ನಡೆಯುತ್ತಿರುವ ಇನ್ನೊಂದು ಗುಂಪು ಪಕ್ಕದಲ್ಲಿ ಇರಲೇಬೇಕು. ನಮಗೆ ಅದು ಇರಲಿಲ್ಲ.

ಹಳಬರ ಪಟ್ಟಿಯನ್ನು ಎರಡು ಪಾಲು ಮಾಡಿದ್ದು

ದೀಪಾವಳಿ ಮುಗಿದ ಮೇಲೆ ಸರಿಯಾಗಿ ಕೂತೆವು. ಹಳೆಯ ಗಿರಾಕಿಗಳ ವಿಷಯದಲ್ಲಿ ನಮಗೊಂದು ಅನುಕೂಲ ಇತ್ತು: ಎಲ್ಲರ ಫೋನ್ ನಂಬರ್ ನಮ್ಮ ಬಳಿಯೇ ಉಂಟು. ಆ ಪಟ್ಟಿಯನ್ನು ಆ್ಯಡ್ ಖಾತೆಗೆ ಏರಿಸಿ, ಇವರಿಗೆ ತೋರಿಸು, ಇವರಿಗೆ ಬೇಡ ಎಂದು ಹೇಳಬಹುದು. ಹೀಗೆ ತೋರಿಸಿದವರನ್ನೂ ತೋರಿಸದವರನ್ನೂ ಹೋಲಿಸುವ, ಫೇಸ್‌ಬುಕ್ ಕಂಪನಿಯವರೇ ನಡೆಸಿಕೊಡುವ ಲಿಫ್ಟ್ ಪರೀಕ್ಷೆಯೂ ಇದೆ. ಆದರೆ ನಮ್ಮಷ್ಟು ಚಿಕ್ಕ ಖಾತೆಯಲ್ಲಿ ಬರುವ ಆರ್ಡರ್‌ಗೆ ಅದರಿಂದ ಖಚಿತ ಉತ್ತರ ಸಿಗುವುದು ಕಷ್ಟ. ಅದಲ್ಲದೆ ವಾಟ್ಸ್ಆ್ಯಪ್, ಫೋನ್ ಆರ್ಡರ್‌ಗಳು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಕೈಯಾರೆ ಮಾಡಿದೆವು.

18 ತಿಂಗಳಲ್ಲಿ ಒಮ್ಮೆಯಾದರೂ ಕೊಂಡವರ ನಂಬರ್ 6,400 ಇತ್ತು. ಒಂದು ಕಡೆ ಎಡವಿಬೀಳುವುದರಲ್ಲಿದ್ದೆ. ಪಟ್ಟಿಯನ್ನು ನಂಬರ್ ಪ್ರಕಾರ ಭಾಗ ಮಾಡಲು ಹೊರಟಾಗ ಅಕ್ಕ ತಡೆದರು. "ಈ ಎರಡು ನಂಬರ್ ಗಂಡ ಹೆಂಡತಿಯದ್ದು. ಆರ್ಡರ್ ಒಮ್ಮೆ ಅವರು ಮಾಡ್ತಾರೆ, ಒಮ್ಮೆ ಇವರು." ಗಂಡನಿಗೆ ಆ್ಯಡ್ ತೋರಿಸಿ, ಹೆಂಡತಿ ತೋರಿಸದ ಗುಂಪಿನಲ್ಲಿದ್ದು ಆರ್ಡರ್ ಮಾಡಿದರೆ, ಎರಡು ಗುಂಪಿನ ನಡುವಿನ ಗೋಡೆಯೇ ಬಿದ್ದುಹೋಗುತ್ತದೆ. ಆದ್ದರಿಂದ ವಿಳಾಸ ನೋಡಿ ಮನೆಗಳನ್ನು ಒಟ್ಟುಮಾಡಿದೆವು. ಎರಡು ರಾತ್ರಿ ಹಿಡಿಯಿತು. 6,000 ಮನೆಗಳಾದವು. ಪ್ರತಿ ಮನೆಯ ಎದುರು ಶೀಟಿನಲ್ಲಿ ಇಷ್ಟು ಹಾಕಿದೆ:

```
=RAND()
```

ಹಾಕಿದ ಕೂಡಲೇ ಆ ಕಾಲಮ್ಮನ್ನು ನಕಲು ಮಾಡಿ ಬರೀ ಮೌಲ್ಯಗಳಾಗಿ ಅಂಟಿಸಬೇಕು. ಇಲ್ಲದಿದ್ದರೆ ಶೀಟ್ ಮುಟ್ಟಿದಾಗೆಲ್ಲ ಸಂಖ್ಯೆ ಬದಲಾಗುತ್ತದೆ, ಯಾರು ಯಾವ ಗುಂಪು ಎಂಬುದೇ ಕಳೆದುಹೋಗುತ್ತದೆ. ಆಮೇಲೆ ಆ ಸಂಖ್ಯೆಯ ಪ್ರಕಾರ ಜೋಡಿಸಿ, ಮೇಲಿನ 3,000 ಮನೆ ತೋರಿಸುವ ಗುಂಪು, ಕೆಳಗಿನ 3,000 ತೋರಿಸದ ಗುಂಪು ಎಂದು ಮಾಡಿದೆವು. ಒಳ್ಳೆಯ ಗಿರಾಕಿ, ಊರಿನವರು, ನೆಂಟರು ಎಂದು ಯಾರನ್ನೂ ಕೈಯಿಂದ ಆಚೀಚೆ ಮಾಡಲಿಲ್ಲ. ಶುರು ಮಾಡುವ ಮೊದಲು ಹಿಂದಿನ ಮೂರು ತಿಂಗಳಲ್ಲಿ ಎರಡೂ ಗುಂಪು ಎಷ್ಟು ಕೊಂಡಿತ್ತು ಎಂದು ಎಣಿಸಿದೆ. ಹೆಚ್ಚು ಕಡಿಮೆ ಸಮ ಇತ್ತು. ಸಮ ಇಲ್ಲದಿದ್ದರೆ ಪಟ್ಟಿಯಲ್ಲೇ ಎಲ್ಲೋ ತಪ್ಪಾಗಿದೆ ಎಂದು ಅಲ್ಲೇ ಗೊತ್ತಾಗುತ್ತಿತ್ತು.

ಹಳಬರ ಆ್ಯಡ್‌ನ ಬಜೆಟನ್ನೂ ಅರ್ಧ ಮಾಡಿದೆವು. ಇದು ಸುಲಭವಾಗಿ ಮರೆತುಹೋಗುವ ಹೆಜ್ಜೆ. ಮೊದಲಿನಷ್ಟೇ ದುಡ್ಡು ಬಿಟ್ಟರೆ ಅದೆಲ್ಲ ಉಳಿದ ಅರ್ಧ ಜನರ ಮೇಲೆ ಸುರಿಯುತ್ತದೆ. ಒಬ್ಬರಿಗೇ ಎರಡು ಪಟ್ಟು ಸಲ ಆ್ಯಡ್ ಕಾಣುತ್ತದೆ. ಆಗ ನಾವು ಅಳೆಯುವುದು ನಮ್ಮ ನಿಜವಾದ ಆ್ಯಡ್ ಅನ್ನಲ್ಲ, ಬೇರೆಯೇ ಒಂದನ್ನು. ಹೊಸಬರ ಆ್ಯಡ್‌ನಿಂದ ಎರಡೂ ಗುಂಪನ್ನು ಹೊರಗಿಟ್ಟೆವು. ವೆಬ್‌ಸೈಟಿಗೆ ಬಂದುಹೋದವರಿಗೆ ತೋರಿಸುವ ಚಿಕ್ಕ ಆ್ಯಡನ್ನು ಅಷ್ಟು ದಿನ ಪೂರ್ತಿ ನಿಲ್ಲಿಸಿದೆವು.

ಏರಿಸಿದ ನಂಬರ್‌ಗಳೆಲ್ಲ ಅಲ್ಲಿನ ಖಾತೆಗಳ ಜೊತೆ ಹೊಂದಿಕೊಳ್ಳುವುದಿಲ್ಲ. ಕೆಲವರು ಬೇರೆ ನಂಬರಿನಲ್ಲಿ ಖಾತೆ ಮಾಡಿರುತ್ತಾರೆ, ಕೆಲವರು ಫೇಸ್‌ಬುಕ್ಕಿನಲ್ಲೇ ಇರುವುದಿಲ್ಲ. ಇದರಿಂದ ಲೆಕ್ಕ ಕೆಡುವುದಿಲ್ಲವೇ ಎಂದು ಭಾವ ಕೇಳಿದರು. ಕೆಡುವುದಿಲ್ಲ. ಚೀಟಿ ಎತ್ತಿದ ಹಾಗೆ ಹಂಚಿದ್ದರಿಂದ ಅಂಥವರು ಎರಡೂ ಕಡೆ ಸಮನಾಗಿಯೇ ಇರುತ್ತಾರೆ. ಆದರೆ ಎಣಿಸುವಾಗ ಆ್ಯಡ್ ನೋಡಿದವರನ್ನು ಮಾತ್ರ ಎಣಿಸಬಾರದು. ಇಡೀ ಗುಂಪನ್ನು ಇಡೀ ಗುಂಪಿನ ಎದುರು ಇಡಬೇಕು. ನೋಡಿದವರನ್ನೇ ಆರಿಸಿದರೆ ಫೋನ್ ಜಾಸ್ತಿ ಬಳಸುವವರನ್ನು ಆರಿಸಿದ ಹಾಗೆ ಆಗುತ್ತದೆ, ಹೋಲಿಕೆ ಅಲ್ಲಿಗೇ ಮುಗಿಯಿತು.

ಇನ್ನೊಂದು ಮಾತನ್ನು ಶುರುವಿಗೆ ಮೊದಲೇ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟೆವು. ಪರೀಕ್ಷೆ ಆರು ವಾರ. ಅಷ್ಟರಲ್ಲಿ ಖರ್ಚು ₹24,000 ಆಗುತ್ತದೆ. ಒಂದು ಆರ್ಡರಿಗೆ ₹170 ಉಳಿಯುವುದಾದರೆ, ಹಾಕಿದ್ದು ಹುಟ್ಟಲು ಸುಮಾರು 141 ಆರ್ಡರ್ ಹೆಚ್ಚು ಬರಬೇಕು. ಅಷ್ಟು ಬರುವ ಹಾಗೆ ಕಾಣದಿದ್ದರೆ ನಿಲ್ಲಿಸುವುದು. ಅಕ್ಕ, ಭಾವ ಇಬ್ಬರೂ ಒಪ್ಪಿದರು. ಆಟಿಯ ಅನುಭವದ ನಂತರ ಇದು ಅಗತ್ಯ ಎಂದು ನನಗೆ ಅನಿಸಿತ್ತು, ಯಾಕೆಂದರೆ ಸಂಖ್ಯೆ ಬಂದ ಮೇಲೆ ಗೆರೆ ಎಳೆಯಲು ಕೂತರೆ ಎಲ್ಲರೂ ತಮಗೆ ಬೇಕಾದಲ್ಲಿ ಎಳೆಯುತ್ತಾರೆ.

ಆರು ವಾರದ ನಂತರ

ತೋರಿಸಿದ ಗುಂಪಿನಲ್ಲಿ 412 ಮನೆಗಳು ಕೊಂಡಿದ್ದವು. ತೋರಿಸದ ಗುಂಪಿನಲ್ಲಿ 396. ವ್ಯತ್ಯಾಸ 16.

ಅದೇ ಆರು ವಾರದಲ್ಲಿ ಅದೇ ಆ್ಯಡ್‌ಗೆ ಡ್ಯಾಶ್‌ಬೋರ್ಡ್ ಕೊಟ್ಟ ಲೆಕ್ಕ 190 ಆರ್ಡರ್.

ಈ 16 ಎಂಬುದನ್ನೂ ಹಾಗೆಯೇ ನಂಬಬಾರದು. ಆ್ಯಡ್ ಇಲ್ಲದಿದ್ದರೂ ಎರಡು ಗುಂಪು ಒಂದೇ ಸಂಖ್ಯೆಗೆ ಬಂದು ನಿಲ್ಲುವುದಿಲ್ಲ, ಅದೃಷ್ಟದಿಂದ ಆಚೀಚೆ ಆಗುತ್ತದೆ. ಎಷ್ಟು ಆಗಬಹುದು ಎಂದು ನೋಡಲು ಒಂದು ಒರಟು ಲೆಕ್ಕ ಇದೆ. ಎರಡೂ ಸಂಖ್ಯೆ ಕೂಡಿಸಿ ವರ್ಗಮೂಲ ತೆಗೆಯಿರಿ, ಅದನ್ನು ಎರಡರಿಂದ ಗುಣಿಸಿ. 412ಕ್ಕೆ 396 ಕೂಡಿಸಿದರೆ 808, ವರ್ಗಮೂಲ ಸುಮಾರು 28, ಅದರ ಎರಡು ಪಟ್ಟು 56. ಅಂದರೆ ನಿಜವಾದ ಹೆಚ್ಚಳ 16ರಿಂದ 56 ಕೆಳಗೂ ಇರಬಹುದು, 56 ಮೇಲೂ ಇರಬಹುದು. ಸೊನ್ನೆಯೂ ಆಗಿರಬಹುದು. ತುಂಬ ಉದಾರವಾಗಿ ನೋಡಿದರೆ 72.

"ಅಂದರೆ ನಮಗೆ ಏನೂ ಗೊತ್ತಾಗಲಿಲ್ಲ ಅಂತಲಾ?" ಎಂದು ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ಆ್ಯಡ್ ಎಷ್ಟು ತಂದಿತು ಎಂದು ಖಚಿತವಾಗಿ ಗೊತ್ತಾಗಲಿಲ್ಲ, ನಿಜ. ಆದರೆ ನಾವು ಕೇಳಿದ ಪ್ರಶ್ನೆ ಅದಲ್ಲ. 141 ತಂದಿತೇ ಎಂದು ಕೇಳಿದ್ದೆವು. ಅತಿ ಒಳ್ಳೆಯ ಲೆಕ್ಕದಲ್ಲೂ 72, ಬೇಕಾದುದರ ಅರ್ಧ. ಆ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿ ಬಂದಿತ್ತು. ಕೊನೆಯ ಪುಟದಲ್ಲಿ ಮೊದಲೇ ಗೆರೆ ಎಳೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು. ಆ ಗೆರೆ ಇಲ್ಲದಿದ್ದರೆ "16 ಆದರೂ ಜಾಸ್ತಿ ಬಂದಿದೆಯಲ್ಲ" ಎಂದು ಆ್ಯಡ್ ಮುಂದುವರಿಯುತ್ತಿತ್ತು.

ಅಕ್ಕ ಮಾತ್ರ ಮತ್ತೆ ಪುಸ್ತಕ ತೆಗೆದು ಮೈಸೂರಿನ ಟೀಚರ ಸಾಲು ಹುಡುಕಿದರು. ಅವರು ತೋರಿಸದ ಗುಂಪಿನಲ್ಲಿದ್ದರು. ಡಿಸೆಂಬರಿನಲ್ಲಿ ಎರಡು ಲೀಟರ್ ಎಣ್ಣೆ ತರಿಸಿದ್ದರು, ಎಂದಿನಂತೆ.

ಈ ಪರೀಕ್ಷೆಗೆ ಮಿತಿ ಇದೆ. ಆರು ವಾರದಲ್ಲಿ ಕಾಣುವುದು ಆರು ವಾರದ ಪರಿಣಾಮ ಮಾತ್ರ. ಆ್ಯಡ್ ಕಾಣದೆ ವರ್ಷ ಕಳೆದರೆ ಜನ ನಮ್ಮನ್ನು ಮರೆಯುತ್ತಾರೋ ಏನೋ, ಅದನ್ನು ಇದು ಹೇಳುವುದಿಲ್ಲ. ಅದಕ್ಕೇ 600 ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಒಂದು ವಾರ ಆ್ಯಡ್ ತೋರಿಸುವುದನ್ನು ಈಗಲೂ ಇಟ್ಟುಕೊಂಡಿದ್ದೇವೆ. ವರ್ಷದ ಕೊನೆಗೆ ಅವರನ್ನೂ ಉಳಿದವರನ್ನೂ ಹೋಲಿಸಿ ನೋಡಬೇಕು.

ನಿಲ್ಲಿಸಲು ಹೊರಟಿದ್ದ ಆ್ಯಡ್

ಇಷ್ಟಾದ ಮೇಲೆ ಹೊಸಬರ ಆ್ಯಡ್ ಅನ್ನೂ ನಿಲ್ಲಿಸಿಬಿಡೋಣ, ಅದು ಡ್ಯಾಶ್‌ಬೋರ್ಡಿನಲ್ಲೇ ನಷ್ಟ ತೋರಿಸುತ್ತಿದೆ ಎಂದರು ಭಾವ. ಒಂದು ಕಡೆ ಡ್ಯಾಶ್‌ಬೋರ್ಡ್ ಇಷ್ಟು ತಪ್ಪಿದ್ದರೆ ಇನ್ನೊಂದು ಕಡೆ ಅದನ್ನೇ ನಂಬುವುದು ಹೇಗೆ ಎಂದು ನಾನು ಹೇಳಿದೆ. ಅಳೆದೇ ನಿಲ್ಲಿಸೋಣ.

ಆದರೆ ಹೊಸಬರ ಪಟ್ಟಿ ನಮ್ಮಲ್ಲಿಲ್ಲ. ಆದ್ದರಿಂದ ಊರುಗಳನ್ನು ಭಾಗ ಮಾಡಬೇಕಾಯಿತು. ಮಂಗಳೂರು, ಉಡುಪಿಯನ್ನು ಮೊದಲೇ ಬಿಟ್ಟೆವು. ಅಲ್ಲಿ ನಮ್ಮ ಮಾಲು ಅಂಗಡಿಗಳಲ್ಲೂ ಸಿಗುತ್ತದೆ. ಆ್ಯಡ್ ನೋಡಿ ಅಂಗಡಿಯಲ್ಲಿ ಕೊಂಡರೆ ನಮ್ಮ ಪುಸ್ತಕಕ್ಕೆ ಬರುವುದಿಲ್ಲ. ತುಮಕೂರನ್ನೂ ಬಿಟ್ಟೆವು. ಆ್ಯಡ್‌ನಲ್ಲಿ ಊರು ಆರಿಸಿದರೆ ಅಲ್ಲಿ ವಾಸ ಇರುವವರಿಗಷ್ಟೇ ಅಲ್ಲ, ಇತ್ತೀಚೆಗೆ ಅಲ್ಲಿಗೆ ಬಂದುಹೋದವರಿಗೂ ಕಾಣುತ್ತದೆ. ತುಮಕೂರಿನಿಂದ ದಿನಾ ಬೆಂಗಳೂರಿಗೆ ಓಡಾಡುವವರು ತುಂಬ ಜನ. ಬೆಂಗಳೂರಿಗೆ ಜೋಡಿಯಾಗುವ ಊರೇ ಇಲ್ಲ, ಅದನ್ನು ಬದಿಗಿಟ್ಟೆವು. ಉಳಿದವನ್ನು ಜೋಡಿ ಮಾಡಿದೆವು: ಮೈಸೂರಿಗೆ ಹುಬ್ಬಳ್ಳಿ ಧಾರವಾಡ, ಶಿವಮೊಗ್ಗಕ್ಕೆ ದಾವಣಗೆರೆ, ಹಾಸನಕ್ಕೆ ಚಿಕ್ಕಮಗಳೂರು. ಪ್ರತಿ ಜೋಡಿಯಲ್ಲಿ ಯಾವುದು ನಿಲ್ಲಬೇಕು ಎಂದು ಚೀಟಿ ಎತ್ತಿದವರು ಅಕ್ಕನ ಮಗಳು. ಮೈಸೂರು, ಶಿವಮೊಗ್ಗ, ಹಾಸನ ಬಂತು.

ಮೂರು ಜಾಗ್ರತೆ ವಹಿಸಿದೆವು. ನಿಂತ ಊರುಗಳ ಬಜೆಟ್ ಬೇರೆ ಊರಿಗೆ ಹರಿಯದಂತೆ ಪ್ರತಿ ಗುಂಪಿಗೂ ಬೇರೆ ಕ್ಯಾಂಪೇನ್ ಮಾಡಿ ಎರಡು ವಾರ ಹಾಗೆಯೇ ಓಡಲು ಬಿಟ್ಟೆವು. ನಡೆಯುತ್ತಿರುವ ಕ್ಯಾಂಪೇನನ್ನೇ ಕೆದಕಿದರೆ ಅದು ಮತ್ತೆ ಕಲಿಯುವ ಹಂತಕ್ಕೆ ಹೋಗಿ ಕೆಲವು ದಿನ ಎಡಬಿಡಂಗಿಯಾಗಿ ಓಡುತ್ತದೆ. ಎರಡನೆಯದು, ಆರ್ಡರ್ ಯಾವ ಊರಿನದ್ದು ಎಂಬುದು. ಮೊದಲ ವಾರದಲ್ಲೇ ಅಕ್ಕ ಗಮನಿಸಿದರು, ಮೈಸೂರಿನ ವಿಳಾಸಕ್ಕೆ ಹೋಗುವ ಕೆಲವು ಪಾರ್ಸೆಲ್ ಬೆಂಗಳೂರಿನ ಮಕ್ಕಳು ಅಪ್ಪ ಅಮ್ಮನಿಗೆ ಕಳಿಸುವುದು. ಆ್ಯಡ್ ನೋಡುವುದು ಮಗ, ಪಾರ್ಸೆಲ್ ತಲಪುವುದು ತಂದೆಗೆ. ಅಂದಿನಿಂದ ಪುಸ್ತಕದಲ್ಲಿ ಆರ್ಡರ್ ಮಾಡಿದವರ ಊರು ಎಂದು ಬೇರೆ ಕಾಲಮ್ ಎಳೆದರು. ವಾಟ್ಸ್ಆ್ಯಪ್‌ನಲ್ಲಿ ಕೇಳಿ ಬರೆಯತೊಡಗಿದರು. ಮೂರನೆಯದು, ನಿಲ್ಲಿಸಿದ ಮೊದಲ ವಾರವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಂದಿನ ವಾರ ನೋಡಿದವರು ಆ ವಾರವೂ ಕೊಳ್ಳುತ್ತಿರುತ್ತಾರೆ. ಐದು ವಾರ ನಿಲ್ಲಿಸಿ ಕೊನೆಯ ನಾಲ್ಕನ್ನು ಎಣಿಸಿದೆವು.

ಎಣಿಸಿದ್ದು ಕೆಂಪು ಚುಕ್ಕೆಗಳನ್ನು. ಪರೀಕ್ಷೆಗೆ ಮೊದಲಿನ ಎಂಟು ವಾರದಲ್ಲಿ ನಿಲ್ಲಿಸುವ ಊರುಗಳಿಂದ 384 ಹೊಸ ಗಿರಾಕಿ, ನಡೆಸುವ ಊರುಗಳಿಂದ 416. ಆಗ ಎರಡೂ ಕಡೆ ಆ್ಯಡ್ ಇತ್ತು. ಪರೀಕ್ಷೆಯ ನಾಲ್ಕು ವಾರದಲ್ಲಿ ನಡೆಸಿದ ಕಡೆ 214 ಬಂದರು. ಹಳೆಯ ಪ್ರಮಾಣವೇ ಮುಂದುವರಿದಿದ್ದರೆ ಇನ್ನೊಂದು ಕಡೆ ಸುಮಾರು 197 ಬರಬೇಕಿತ್ತು. ಬಂದದ್ದು 131.

ಕಡಿಮೆಯಾದದ್ದು 66. ಆ ಊರುಗಳಲ್ಲಿ ಆ ನಾಲ್ಕು ವಾರ ಆ್ಯಡ್ ಓಡಿದ್ದರೆ ₹9,000 ಖರ್ಚಾಗುತ್ತಿತ್ತು. ಅಂದರೆ ನಿಜವಾಗಿ ಹೆಚ್ಚಾಗಿ ಬರುವ ಒಂದು ಆರ್ಡರಿಗೆ ₹136. ಡ್ಯಾಶ್‌ಬೋರ್ಡ್ ಹೇಳುತ್ತಿದ್ದುದು ₹190. ನಷ್ಟ ಎಂದುಕೊಂಡಿದ್ದ ಆ್ಯಡ್ ಮೊದಲ ಆರ್ಡರಿನಲ್ಲೇ ಸ್ವಲ್ಪ ಲಾಭ ತರುತ್ತಿತ್ತು. ಆ ಗಿರಾಕಿ ಮತ್ತೆ ಬಂದರೆ ಸಿಗುವುದು ಬೇರೆ.

ಡ್ಯಾಶ್‌ಬೋರ್ಡ್ ಇಲ್ಲಿ ಯಾಕೆ ಕಡಿಮೆ ಹೇಳಿತು? ಪುಸ್ತಕದಲ್ಲೇ ಉತ್ತರ ಇತ್ತು. ಹೊಸಬರು ವೆಬ್‌ಸೈಟಿನಲ್ಲಿ ದುಡ್ಡು ಕಟ್ಟಲು ಹೆದರುತ್ತಾರೆ. ಆ್ಯಡ್ ನೋಡಿ, ನಂಬರ್ ಹುಡುಕಿ, ವಾಟ್ಸ್ಆ್ಯಪ್‌ನಲ್ಲಿ "ಹಪ್ಪಳ ಉಂಟಾ?" ಎಂದು ಕೇಳುತ್ತಾರೆ. ಆ ಆರ್ಡರ್ ಆ್ಯಡ್ ಖಾತೆಗೆ ಕಾಣುವುದೇ ಇಲ್ಲ. ಹಳಬರಲ್ಲಿ ಹೆಚ್ಚಿನವರು ನೇರವಾಗಿ ವೆಬ್‌ಸೈಟಿಗೆ ಹೋಗಿ ಕೊಳ್ಳುತ್ತಾರೆ, ಅದು ಪೂರ್ತಿ ಕಾಣುತ್ತದೆ. ಹೀಗೆ ಹೇಗೂ ಬರುವವರ ಲೆಕ್ಕ ಉಬ್ಬಿತು, ಆ್ಯಡ್ ನಿಜವಾಗಿ ತಂದವರ ಲೆಕ್ಕ ಕುಗ್ಗಿತು.

66 ಎಂಬುದಕ್ಕೂ ಅಂಚು ಇದೆ. ಈ ಸಲ ಮೊದಲಿನ ಎಂಟು ವಾರದ ಸಂಖ್ಯೆಗಳಲ್ಲಿರುವ ಅದೃಷ್ಟದ ಏರಿಳಿತವನ್ನೂ ಸೇರಿಸಿ ನೋಡಿದರೆ ಅದು ಸುಮಾರು 22ರಿಂದ 110ರ ನಡುವೆ ಎಲ್ಲೂ ಇರಬಹುದು. 22 ಆಗಿದ್ದರೆ ಒಂದು ಆರ್ಡರಿಗೆ ₹400 ದಾಟುತ್ತದೆ, ನಷ್ಟವೇ. ಮೂರೇ ಜೋಡಿ ಊರು ಇದ್ದುದರಿಂದ ನಿಜವಾದ ಅಂಚು ಇನ್ನೂ ಅಗಲ ಎಂದೇ ಹಿಡಿಯಬೇಕು. ಮೈಸೂರಿನಲ್ಲಿ ಆ ತಿಂಗಳು ಬೇರೇನಾದರೂ ಆಗಿದ್ದರೆ, ಉದಾಹರಣೆಗೆ ಹತ್ತಿರದಲ್ಲೇ ಯಾರಾದರೂ ಹಪ್ಪಳದ ಮೇಳ ಇಟ್ಟಿದ್ದರೆ, ಅದೂ ನಮ್ಮ 66ರಲ್ಲಿ ಸೇರಿಹೋಗುತ್ತದೆ. ಮನೆ ಮನೆ ಹಂಚಿದ ಮೊದಲ ಪರೀಕ್ಷೆಗೆ ಈ ತೊಂದರೆ ಇರಲಿಲ್ಲ. ಸಾಧ್ಯವಿದ್ದ ಕಡೆ ಜನರನ್ನೇ ಹಂಚಬೇಕು, ಊರು ಹಂಚುವುದು ಬೇರೆ ದಾರಿ ಇಲ್ಲದಾಗ ಎಂದು ನಾನು ಹೇಳುವುದು ಇದಕ್ಕೇ. ಆದರೂ ಆ್ಯಡ್ ನಿಂತಾಗ ಹೊಸಬರು ಕಡಿಮೆಯಾದರು ಎಂಬುದರಲ್ಲಿ ನಮಗೆ ಸಂಶಯ ಉಳಿಯಲಿಲ್ಲ. ಮೂರು ಜೋಡಿಯಲ್ಲೂ ಇಳಿಕೆ ಒಂದೇ ದಿಕ್ಕಿಗೆ ಇತ್ತು.

ನಮ್ಮ ಫಲಿತಾಂಶ ವಿಚಿತ್ರ ಏನಲ್ಲ. ಇಬೇ ಕಂಪನಿ 2012ರಲ್ಲಿ ಹುಡುಕಾಟದ ಜಾಹೀರಾತುಗಳನ್ನು ಕೆಲವು ಪ್ರದೇಶಗಳಲ್ಲಿ ನಿಲ್ಲಿಸಿ ಅಳೆದಿತ್ತು. ಅದರ ವಿವರ 2015ರಲ್ಲಿ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಬಂತು. ಪದೇ ಪದೇ ಕೊಳ್ಳುವವರ ಮೇಲೆ ಜಾಹೀರಾತಿನ ಪರಿಣಾಮ ಕಾಣಲಿಲ್ಲ, ಹೊಸಬರು ಮತ್ತು ಅಪರೂಪಕ್ಕೆ ಬರುವವರ ಮೇಲೆ ಕಂಡಿತು. ಅದು ಹುಡುಕಾಟದ ಜಾಹೀರಾತು, ನಮ್ಮದು ಬೇರೆ ಬಗೆ. ಆದರೆ ಕಾರಣ ಒಂದೇ ಎಂದು ನನ್ನ ನಂಬಿಕೆ. ನಮ್ಮ ಹೆಸರು ಗೊತ್ತಿರುವವರಿಗೆ ಆ್ಯಡ್ ಹೊಸದೇನನ್ನೂ ಹೇಳುವುದಿಲ್ಲ.

ಆಮೇಲೆ ಏನಾಯಿತು

ಹಳಬರ ಆ್ಯಡ್‌ನ ₹32,000ದಲ್ಲಿ ಹೆಚ್ಚಿನದು ನಿಂತಿತು. ಅದರಿಂದ ₹10,000 ತೆಗೆದು ಹೊಸಬರ ಆ್ಯಡ್‌ಗೆ ಸೇರಿಸಿದೆವು. ಎಲ್ಲವನ್ನೂ ಒಟ್ಟಿಗೆ ಹಾಕಲಿಲ್ಲ. ನಾವು ಅಳೆದದ್ದು ಆಗಿನ ಖರ್ಚಿನ ಮಟ್ಟದಲ್ಲಿ. ಖರ್ಚು ಎರಡು ಪಟ್ಟಾದರೆ ಹೊಸ ಆರ್ಡರ್ ಎರಡು ಪಟ್ಟಾಗುವುದಿಲ್ಲ, ಸುಲಭಕ್ಕೆ ಒಲಿಯುವವರು ಮೊದಲೇ ಒಲಿದಿರುತ್ತಾರೆ.

ಮೇ ತಿಂಗಳಲ್ಲಿ ಹೊಸ ಹಪ್ಪಳ ಬಂದಾಗ ಅಕ್ಕನಿಗೆ ಮತ್ತೆ ಅನುಮಾನ. "ಹೊಸ ಮಾಲು ಬಂದದ್ದು ಹಳಬರಿಗೆ ಗೊತ್ತಾಗಬೇಡ್ವಾ?" ಗೊತ್ತಾಗಬೇಕು, ಸರಿ. ಎರಡೂ ಗುಂಪಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದೆವು: ಅಂಗಳದಲ್ಲಿ ಚಾಪೆಯ ಮೇಲೆ ಒಣಗಲು ಹರಡಿದ ಹಪ್ಪಳ, ಮೂಲೆಯಲ್ಲಿ ಕಾಗೆ ಓಡಿಸುವ ಕೋಲು. ಅದರ ಮೇಲೆ ಒಂದು ಗುಂಪಿಗೆ ಮಾತ್ರ ಆ್ಯಡ್ ತೋರಿಸಿದೆವು. ಹತ್ತು ದಿನದಲ್ಲಿ ಆ್ಯಡ್ ಇದ್ದ ಕಡೆ 251 ಮನೆ, ಇಲ್ಲದ ಕಡೆ 243. ಮತ್ತೆ ಬರೀ ಅದೃಷ್ಟದಿಂದಲೂ ಬರಬಹುದಾದಷ್ಟೇ ವ್ಯತ್ಯಾಸ. ಫೋಟೋ ಎಷ್ಟು ತಂದಿತು ಎಂಬುದು ಇದರಿಂದ ಗೊತ್ತಾಗುವುದಿಲ್ಲ, ಅದು ಇಬ್ಬರಿಗೂ ಹೋಗಿತ್ತು. ಮುಂದಿನ ಸಲ ಅದನ್ನೂ ಅರ್ಧ ಜನರಿಗೆ ಮಾತ್ರ ಕಳಿಸಬೇಕೆಂದು ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ.

ಉಳಿದದ್ದು ಬೆಂಗಳೂರು. ಹೊಸಬರ ಖರ್ಚಿನಲ್ಲಿ ಹತ್ತರಲ್ಲಿ ನಾಲ್ಕು ಪಾಲು ಅಲ್ಲಿಗೇ ಹೋಗುತ್ತದೆ. ಅದಕ್ಕೆ ಜೋಡಿ ಊರಿಲ್ಲ, ಒಳಗಿನ ಬಡಾವಣೆಗಳನ್ನು ಭಾಗ ಮಾಡೋಣವೆಂದರೆ ಜಯನಗರದಲ್ಲಿ ಮಲಗಿ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವವರ ಊರು ಅದು. ಹಾಗಾಗಿ ವಾರಗಳನ್ನೇ ಹಂಚುತ್ತಿದ್ದೇವೆ. ಹನ್ನೆರಡು ವಾರ. ಪ್ರತಿ ಭಾನುವಾರ ರಾತ್ರಿ ಊಟವಾದ ಮೇಲೆ ಅಕ್ಕನ ಮಾವ ಜಗಲಿಯಲ್ಲಿ ನಾಣ್ಯ ಚಿಮ್ಮುತ್ತಾರೆ. ಸಿಂಹ ಬಿದ್ದರೆ ಆ ವಾರ ಬೆಂಗಳೂರಿಗೆ ಆ್ಯಡ್ ಉಂಟು, ಅಂಕಿ ಬಿದ್ದರೆ ಇಲ್ಲ. ಹಿಂದಿನ ವಾರದ ಪ್ರಭಾವ ಇಳಿಯಲಿ ಎಂದು ಸೋಮವಾರ, ಮಂಗಳವಾರದ ಆರ್ಡರ್ ಎಣಿಸುವುದಿಲ್ಲ. ಹಬ್ಬ ಬಂದರೂ ಮಳೆ ಬಂದರೂ ನಾಣ್ಯ ಹೇಳಿದ್ದೇ ನಡೆಯಬೇಕು, ಆಟಿಯ ಆ ವಾರದಂತೆ ನಮಗೆ ಬೇಕಾದಾಗ ನಿಲ್ಲಿಸಿ ಬೇಕಾದಾಗ ಶುರು ಮಾಡುವ ಹಾಗಿಲ್ಲ.

ಈಗ ಏಳನೇ ವಾರ. ಬೆಂಗಳೂರಿನ ಕೆಂಪು ಚುಕ್ಕೆಗಳನ್ನು ಹನ್ನೆರಡು ವಾರ ಮುಗಿಯುವವರೆಗೆ ಯಾರೂ ಕೂಡಿಸಬಾರದು ಎಂದು ಒಪ್ಪಂದ. ನಡುವೆ ಇಣುಕಿ ನೋಡಿ, ಸಂಖ್ಯೆ ಚೆನ್ನಾಗಿ ಕಂಡಾಗ ನಿಲ್ಲಿಸಿದರೆ ಅದೃಷ್ಟವನ್ನೇ ಪರಿಣಾಮ ಎಂದುಕೊಳ್ಳುತ್ತೇವೆ. ಭಾವ ಎರಡು ಸಲ ಕೇಳಿದರು. ಅಕ್ಕ ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟರು.